ಬಲ್ಬ್ ಬಿಚ್ಚಿದರೆ ಏನಾಗುತ್ತೆ? ಮೊದಲು ಊಹಿಸಿ, ಆಮೇಲೆ ನೋಡೋಣ

ಇವತ್ತು ಕ್ಯಾಲ್ಕುಲೇಟರ್ ಬೇಡ. ಪ್ರತಿ ಪ್ರಶ್ನೆಗೂ 2 ನಿಮಿಷ. ಉತ್ತರ ಬರೆಯಿರಿ, ಯಾಕೆ ಅನ್ನೋದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಪಕ್ಕದವರ ಜೊತೆ ಮಾತಾಡಿದ ಮೇಲೆ ಮನಸ್ಸು ಬದಲಾದರೆ ಹಳೇ ಉತ್ತರ ಹೊಡೆದುಹಾಕಬೇಡಿ, ಅದರ ಕೆಳಗೇ ಹೊಸದು ಬರೆಯಿರಿ. ನಿಮ್ಮ ಮೊದಲ ಊಹೆ ನನಗೆ ಬೇಕು. ಎಲ್ಲರೂ ಬರೆದ ಮೇಲೆ ಮೇಜಿನ ಮೇಲಿರುವ ಸರ್ಕ್ಯೂಟ್‌ನಲ್ಲಿ ಮಾಡಿ ತೋರಿಸುತ್ತೇನೆ.

ಪ್ರಶ್ನೆ 1. 12 ವೋಲ್ಟ್ ಬ್ಯಾಟರಿ, ಒಂದೇ ತರದ ಮೂರು 12 ವೋಲ್ಟ್ ಬಲ್ಬ್. ‘ಎ’ ಸೀರೀಸಿನಲ್ಲಿದೆ, ಅದರ ಮುಂದೆ ‘ಬಿ’ ಮತ್ತು ‘ಸಿ’ ಪ್ಯಾರಲಲ್ ಆಗಿವೆ. ಪ್ರತಿ ಬಲ್ಬೂ 6 ಓಮ್ ಅಂತ ಇಟ್ಟುಕೊಳ್ಳಿ. (ಫಿಲಮೆಂಟ್ ಬಿಸಿಯಾದಂತೆ ರೆಸಿಸ್ಟೆನ್ಸ್ ಏರುತ್ತೆ, ಸದ್ಯಕ್ಕೆ ಅದನ್ನು ಬಿಡಿ.) ಈಗ ‘ಎ’ ಮೇಲೆ 8 ವೋಲ್ಟ್, ಉಳಿದೆರಡರ ಮೇಲೆ 4 ವೋಲ್ಟ್ ಇದೆ.

ಅ) ‘ಸಿ’ಯನ್ನು ಹೋಲ್ಡರ್‌ನಿಂದ ಬಿಚ್ಚಿದೆ. ‘ಎ’ ಬೆಳಕು ಜಾಸ್ತಿಯಾಗುತ್ತಾ, ಕಮ್ಮಿಯಾಗುತ್ತಾ, ಹಾಗೇ ಇರುತ್ತಾ? ‘ಬಿ’ ಕತೆ ಏನು?

‘ಸಿ’ಗೆ ಹೋಗುತ್ತಿದ್ದ ಕರೆಂಟ್ ಪೂರ್ತಿ ‘ಬಿ’ಗೆ ಬರುತ್ತೆ ಅಂತ ತುಂಬಾ ಜನ ಬರೆಯುತ್ತಾರೆ. ಅದು ನಿಜವಾದರೆ ಬ್ಯಾಟರಿ ಕೊಡುವ ಕರೆಂಟ್ ಬದಲಾಗಲೇಬಾರದು, ಅಲ್ವಾ? ಒಂದು ದಾರಿ ಮುಚ್ಚಿದಾಗ ಒಟ್ಟು ರೆಸಿಸ್ಟೆನ್ಸ್ ಏರುತ್ತೋ ಇಳಿಯುತ್ತೋ, ಅಲ್ಲಿಂದ ಶುರು ಮಾಡಿ.

ಆ) ‘ಸಿ’ಯ ಖಾಲಿ ಹೋಲ್ಡರ್‌ಗೆ ಮಲ್ಟಿಮೀಟರ್ ಇಟ್ಟರೆ ಎಷ್ಟು ತೋರಿಸುತ್ತೆ: 0, 4, 6, 12?

ಇ) ಖಾಲಿ ಹೋಲ್ಡರ್‌ಗೆ ಬಲ್ಬಿನ ಬದಲು ಒಂದು ವೈರ್ ತುಂಡು ಸಿಕ್ಕಿಸಿದೆ. ಯಾವ ಬಲ್ಬ್ ಆರುತ್ತೆ? ‘ಎ’ ಮೇಲೆ ಎಷ್ಟು ವೋಲ್ಟ್?

ಈ) ವೈರ್ ತೆಗೆದು ‘ಸಿ’ಯನ್ನು ವಾಪಸ್ ಹಾಕಿ, ಈ ಸಲ ‘ಎ’ಯನ್ನು ಬಿಚ್ಚಿದೆ. ಮೂರೂ ಕತ್ತಲೆ. ‘ಎ’ಯ ಖಾಲಿ ಹೋಲ್ಡರ್‌ನಲ್ಲಿ ಎಷ್ಟು ವೋಲ್ಟ್? “ಕರೆಂಟ್ ಇಲ್ಲ, ಹಾಗಾಗಿ ವೋಲ್ಟೇಜೂ ಇಲ್ಲ” ಅಂತ ಕೈ ತಾನಾಗಿ ಬರೆದುಬಿಡುತ್ತೆ. ಸ್ವಲ್ಪ ತಡೆಯಿರಿ. ಕರೆಂಟೇ ಇಲ್ಲದ ‘ಬಿ’ ಮೇಲೆ ಎಷ್ಟು ವೋಲ್ಟ್ ಬೀಳುತ್ತೆ? ಹಾಗಾದರೆ ಬ್ಯಾಟರಿಯ 12 ವೋಲ್ಟ್ ಎಲ್ಲಿ ಹೋಯಿತು? ಇವತ್ತಿನ ಎಲ್ಲ ಪ್ರಶ್ನೆಗಳಲ್ಲಿ ನನಗೆ ಇದೇ ಮುಖ್ಯ. ಕೆಟ್ಟ ಸರ್ಕ್ಯೂಟ್‌ನಲ್ಲಿ ಎಲ್ಲಿ ಕಟ್ ಆಗಿದೆ ಅಂತ ಹುಡುಕುವುದು ಹೀಗೇ.

ಪ್ರಶ್ನೆ 2. ವೀಟ್‌ಸ್ಟನ್ ಬ್ರಿಡ್ಜ್ ಬ್ಯಾಲೆನ್ಸ್ ಆಗಿದೆ, ಗ್ಯಾಲ್ವನೋಮೀಟರ್ ಸೊನ್ನೆಯಲ್ಲಿದೆ. ಗ್ಯಾಲ್ವನೋಮೀಟರನ್ನೇ ತೆಗೆದರೆ ಬ್ಯಾಟರಿ ಕರೆಂಟ್ ಬದಲಾಗುತ್ತಾ? ಆ ಜಾಗಕ್ಕೆ ದಪ್ಪ ವೈರ್ ಹಾಕಿದರೆ?

ಪ್ರಶ್ನೆ 3. 10 ಕಿಲೋ ಓಮ್ ರೆಸಿಸ್ಟರ್, ಖಾಲಿ ಇರುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದೇ ಬ್ಯಾಟರಿ. ಕೆಪಾಸಿಟರ್ ಬದಲಿಸಿ ಖಾಲಿ ಇರುವ 220 ಮೈಕ್ರೋಫ್ಯಾರಡ್‌ನದು ಹಾಕಿದೆ. ಸ್ವಿಚ್ ಒತ್ತಿದ ಕ್ಷಣದ ಕರೆಂಟ್, ಕೊನೆಗೆ ನಿಲ್ಲುವ ವೋಲ್ಟೇಜ್, ಅಲ್ಲಿಗೆ ಮುಟ್ಟಲು ಬೇಕಾದ ಸಮಯ: ಮೂರರಲ್ಲಿ ಯಾವುದು ಬದಲಾಗುತ್ತೆ? ಸಮಯದ ಜೊತೆ ಕೆಪಾಸಿಟರ್ ವೋಲ್ಟೇಜ್ ಏರುವ ಎರಡೂ ಗ್ರಾಫನ್ನು ಒಂದೇ ಅಕ್ಷದ ಮೇಲೆ ಕೈಯಲ್ಲೇ ಬಿಡಿಸಿ.

ಪ್ರಶ್ನೆ 4. ಟ್ರಾನ್ಸಿಸ್ಟರ್ ಒಂದು 12 ವೋಲ್ಟ್ ರಿಲೇಯನ್ನು ಆನ್, ಆಫ್ ಮಾಡುತ್ತಿದೆ. ಕಾಯಿಲ್‌ಗೆ ಅಡ್ಡಲಾಗಿ ಹಾಕಿದ ಡಯೋಡ್ ಕಿತ್ತೆ. ಆನ್ ಮಾಡಿದಾಗ ವ್ಯತ್ಯಾಸ ಕಾಣುತ್ತಾ? ಆಫ್ ಮಾಡಿದಾಗ? ಇದನ್ನು ಮಾತ್ರ ನಾನು ಮಾಡಿ ತೋರಿಸುವುದಿಲ್ಲ. ಯಾಕೆ ಅನ್ನೋದನ್ನೂ ನೀವೇ ಬರೆಯಿರಿ.