ಬಂದ ದಾರಿಯಲ್ಲೇ ಉತ್ತರ ಬೇಡ: ಫಿಶಿಂಗ್ ಮತ್ತು ಪಾಸ್‌ವರ್ಡ್ ಬಗ್ಗೆ ಸಿಬ್ಬಂದಿಗೆ ವಿಡಿಯೊ ಸ್ಕ್ರಿಪ್ಟ್

ಅವಧಿ: ಸುಮಾರು 6 ನಿಮಿಷ
ಸ್ಥಳ: ಪೀಣ್ಯದ ಯಂತ್ರ ಬಿಡಿಭಾಗ ಕಾರ್ಖಾನೆಯ ಕಚೇರಿ
ಪಾತ್ರಗಳು: ಸವಿತಾ (ಅಕೌಂಟ್ಸ್), ಗಿರೀಶ್ (ಖರೀದಿ), ಮಂಜಣ್ಣ (ಸ್ಟೋರ್ಸ್), ಫರ್ಹಾನಾ (ಐಟಿ)

ಚಿತ್ರೀಕರಣಕ್ಕೆ: ಪರದೆಯಲ್ಲಿ ತೋರಿಸುವ ಮೇಲ್, ವೆಬ್ ವಿಳಾಸಗಳೆಲ್ಲ `.example` ಎಂದೇ ಮುಗಿಯಲಿ. ಅದು ಉದಾಹರಣೆಗೆಂದೇ ಮೀಸಲಿಟ್ಟ ಹೆಸರು, ಯಾರೂ ಕೊಳ್ಳಲಾಗದು. ನೋಡಿದವರು ಕುತೂಹಲಕ್ಕೆ ಟೈಪ್ ಮಾಡಿದರೂ ಅಪಾಯವಿಲ್ಲ. ಮುಖ ಮುಚ್ಚಿದ ಹ್ಯಾಕರ್, ಎದೆ ಝಲ್ಲೆನಿಸುವ ಸಂಗೀತ ಬೇಡವೇ ಬೇಡ. ಮೋಸದ ಮೇಲ್ ಬರುವಾಗ ಮಾಮೂಲಿ ಮೇಲ್‌ನ ಸದ್ದೇ ಕೇಳಿಸುತ್ತದೆ.

---

ದೃಶ್ಯ 1. ಶುಕ್ರವಾರ ಸಂಜೆ 5:40

*(ಸವಿತಾ ಬ್ಯಾಗ್ ಜೋಡಿಸುತ್ತಿದ್ದಾರೆ. ಮೇಲ್ ಬರುತ್ತದೆ. ಪರದೆ ದೊಡ್ಡದಾಗಿ ಕಾಣಲಿ.)*

ಪರದೆಯಲ್ಲಿ: "ಆಡಿಟ್ ಕಾರಣ ನಮ್ಮ ಹಳೆಯ ಬ್ಯಾಂಕ್ ಖಾತೆ ತಾತ್ಕಾಲಿಕವಾಗಿ ಬಂದ್ ಆಗಿದೆ. ಬಾಕಿ ₹4,86,000 ಅನ್ನು ಲಗತ್ತಿಸಿರುವ ಹೊಸ ಖಾತೆಗೆ ಇವತ್ತೇ ಹಾಕಿ. ಇಲ್ಲದಿದ್ದರೆ ಸೋಮವಾರದ ಲೋಡ್ ಹೊರಡುವುದಿಲ್ಲ."

ಸವಿತಾ: ಗಿರೀಶ್, ಕ್ಯಾಸ್ಟಿಂಗ್ಸ್‌ನವರು ಅಕೌಂಟ್ ಬದಲಾಯಿಸಿದ್ದಾರಂತೆ. ಹಾಕಿಬಿಡ್ಲಾ?

ಗಿರೀಶ್: ಮೊತ್ತ ಸರಿ ಇದೆ ಮೇಡಂ, ಇನ್ವಾಯ್ಸ್ ನಂಬರೂ ನಮ್ಮದೇ. ಹಳೇ ಮೇಲ್‌ಗಳೂ ಕೆಳಗೇ ಇವೆಯಲ್ಲ.

ಹಿನ್ನೆಲೆ ದನಿ: ಎಲ್ಲವೂ ಸರಿಯಾಗಿದೆ. ಅದಕ್ಕೇ ಈ ಮೇಲ್ ಅಪಾಯಕಾರಿ. ಹೀಗೆ ನಂಬಿಸಿ ಹಣವನ್ನೋ ಪಾಸ್‌ವರ್ಡನ್ನೋ ಕದಿಯುವುದಕ್ಕೇ ಫಿಶಿಂಗ್ ಅನ್ನುವುದು. ಕಾಗುಣಿತ ತಪ್ಪಿರುವುದೇ ಮೋಸದ ಗುರುತು ಅನ್ನುವ ಕಾಲ ಹೋಯಿತು. ಪೂರೈಕೆದಾರರ ಮೇಲ್ ಪೆಟ್ಟಿಗೆಗೇ ನುಗ್ಗಿದವರಿಗೆ ಇನ್ವಾಯ್ಸ್, ಮೊತ್ತ, ಹಳೆಯ ಮಾತುಕತೆ ಎಲ್ಲವೂ ಸಿಕ್ಕಿರುತ್ತದೆ.

*(ಸವಿತಾ ಕಳುಹಿಸಿದವರ ಹೆಸರಿನ ಮೇಲೆ ಮೌಸ್ ಇಡುತ್ತಾರೆ. ಎರಡು ವಿಳಾಸಗಳು ಒಂದರ ಕೆಳಗೊಂದು.)*

```
accounts@tumkurcastings.example
accounts@tumkurcastlngs.example
```

ಸವಿತಾ: ಎರಡೂ ಒಂದೇ ಅಲ್ವಾ... ತಡಿ. ಎರಡನೇದ್ರಲ್ಲಿ `i` ಇರಬೇಕಾದ ಕಡೆ `l` ಇದೆ.

ಗಿರೀಶ್: ಹಾಗಾದ್ರೆ ಮೇಲ್ ಕೆಳಗಿರೋ ನಂಬರ್‌ಗೆ ಫೋನ್ ಮಾಡಿ ಕೇಳೋಣ.

ಸವಿತಾ: ಆ ನಂಬರನ್ನೂ ಅವರೇ ಹಾಕಿರ್ತಾರೆ. ಹೋದ ವರ್ಷದ ಪರ್ಚೇಸ್ ಆರ್ಡರ್ ಫೈಲ್ ಕೊಡು, ಅದರಲ್ಲಿರೋ ನಂಬರ್‌ಗೆ ಮಾಡ್ತೀನಿ.

ಹಿನ್ನೆಲೆ ದನಿ: ಅಕ್ಷರ ಹುಡುಕುವುದರಲ್ಲಿ ಕಣ್ಣು ತಪ್ಪಬಹುದು. ಅಸಲಿ ವಿಳಾಸದಿಂದಲೇ ಮೋಸದ ಮೇಲ್ ಬಂದಿದ್ದರಂತೂ ಹುಡುಕಲು ಏನೂ ಇರುವುದಿಲ್ಲ. ಹಳೆಯ ನಂಬರ್‌ಗೆ ಮಾಡಿದ ಒಂದು ಫೋನ್ ಎರಡನ್ನೂ ಹಿಡಿಯುತ್ತದೆ. ನಮ್ಮಲ್ಲಿ ಬ್ಯಾಂಕ್ ಖಾತೆ ಬದಲಾವಣೆ ಯಾವತ್ತೂ ಮೇಲ್ ಮೇಲಷ್ಟೇ ಆಗುವುದಿಲ್ಲ. ಹಳೆಯ ನಂಬರ್‌ಗೆ ಫೋನ್, ಆಮೇಲೆ ಇಬ್ಬರ ಸಹಿ. ಲೋಡ್ ಒಂದು ದಿನ ತಡವಾದರೆ ಆಗಲಿ.

---

ದೃಶ್ಯ 2. ಊಟದ ವೇಳೆ

*(ಮಂಜಣ್ಣ ಮೊಬೈಲ್ ತೋರಿಸುತ್ತಾರೆ.)*

ಮಂಜಣ್ಣ: ಇನ್‌ಕಮ್ ಟ್ಯಾಕ್ಸ್ ರೀಫಂಡ್ ಬಂದಿದೆ ನೋಡು ಗಿರೀಶ. `gov.in` ಅಂತಾನೂ ಇದೆ.

```
https://incometax.gov.in.refund-status.example/login
```

ಗಿರೀಶ್: ಅಣ್ಣ, ಎಡದಿಂದ ಓದಬೇಡಿ. `https://` ಆದ್ಮೇಲೆ ಬರೋ ಮೊದಲನೇ ಓರೆ ಗೆರೆ `/` ಹುಡುಕಿ, ಅಲ್ಲಿಂದ ಎಡಕ್ಕೆ ಬನ್ನಿ. ಮೊದಲು ಏನು ಸಿಗುತ್ತೆ?

ಮಂಜಣ್ಣ: `refund-status.example`.

ಗಿರೀಶ್: ಅದೇ ಈ ಸೈಟಿನ ಮಾಲೀಕ. ಮುಂದೆ `incometax` ಅಂತಾದ್ರೂ ಬರೀಬಹುದು, `rbi` ಅಂತಾದ್ರೂ ಬರೀಬಹುದು.

ಮಂಜಣ್ಣ: ಬೀಗದ ಗುರುತು ಇದೆಯಲ್ಲೋ?

ಗಿರೀಶ್: ನಡುವೆ ಯಾರೂ ಕದ್ದು ಓದಲ್ಲ ಅಂತಷ್ಟೇ ಅದರ ಅರ್ಥ. ಆ ಕಡೆ ಕೂತಿರೋನೇ ಕಳ್ಳ ಆದ್ರೆ?

ಹಿನ್ನೆಲೆ ದನಿ: ಮೊಬೈಲಿನ ಹಲವು ಆ್ಯಪ್‌ಗಳಲ್ಲಿ ಲಿಂಕ್ ಮೇಲೆ ಬೆರಳು ಒತ್ತಿ ಹಿಡಿದರೆ ತೆರೆಯುವ ಮುಂಚೆಯೇ ವಿಳಾಸ ಕಾಣುತ್ತದೆ. ರೀಫಂಡ್ ನೋಡಬೇಕೇ? ಬ್ರೌಸರ್‌ನಲ್ಲಿ ನೀವೇ `incometax.gov.in` ಎಂದು ಟೈಪ್ ಮಾಡಿ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ಬರುವ ಫೈಲ್ ಹೆಸರಿನ ಕೊನೆಯಲ್ಲಿ `.apk` ಇದ್ದರೆ ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ, ಆ್ಯಪ್. ಅನುಮತಿ ಕೊಟ್ಟರೆ ನಿಮ್ಮ ಎಸ್‌ಎಂಎಸ್ ಓದುತ್ತದೆ, ಅಂದರೆ ಒಟಿಪಿಯನ್ನೂ.

---

ದೃಶ್ಯ 3. ಐಟಿ ಡೆಸ್ಕ್

*(ಫರ್ಹಾನಾ ಕೀಬೋರ್ಡ್ ಎತ್ತುತ್ತಾರೆ. ಕೆಳಗೆ ಚೀಟಿ: `Peenya@123`.)*

ಗಿರೀಶ್: ಮೇಡಂ, ಅದು ಹಳೇದು. ಈಗ `Peenya@124`.

ಫರ್ಹಾನಾ: ಹಳೇದು ಸಿಕ್ಕಿದವನಿಗೆ ಹೊಸದನ್ನ ಊಹಿಸೋಕೆ ಒಂದು ನಿಮಿಷ ಸಾಕು. ಇದನ್ನೇ ಶಾಪಿಂಗ್ ಸೈಟ್‌ಗೂ ಹಾಕಿದೀರಾ?

ಗಿರೀಶ್: ನೆನಪಿಡೋಕೆ ಸುಲಭ ಅಂತ...

ಫರ್ಹಾನಾ: ಆ ಸೈಟ್‌ನಿಂದ ಪಾಸ್‌ವರ್ಡ್ ಸೋರಿದ್ರೆ, ನಿಮ್ಮ ಆಫೀಸ್ ಮೇಲ್‌ಗೂ ಅದನ್ನೇ ಹಾಕಿ ನೋಡ್ತಾರೆ. ಕೈಯಲ್ಲಲ್ಲ, ಪ್ರೋಗ್ರಾಂ ಬರೆದು ಸಾವಿರಾರು ಖಾತೆಗೆ ಒಟ್ಟಿಗೆ.

ಹಿನ್ನೆಲೆ ದನಿ: `a` ಬದಲು `@` ಹಾಕುವ ಚಮತ್ಕಾರ ಅವರಿಗೂ ಗೊತ್ತು. ಬಲ ಇರುವುದು ಉದ್ದದಲ್ಲಿ. ಸಂಬಂಧವಿಲ್ಲದ ನಾಲ್ಕೈದು ಪದ ಆರಿಸಿ, ಕನಿಷ್ಠ 15 ಅಕ್ಷರ ಇರಲಿ:

```
halasu-eni-tabala-manju-7
```

*(ಫರ್ಹಾನಾ ಇದನ್ನು ಅಡ್ಡಗೆರೆ ಎಳೆದು ಹೊಡೆದುಹಾಕುತ್ತಾರೆ.)*

ಫರ್ಹಾನಾ: ಇದು ವಿಡಿಯೊದಲ್ಲಿ ಬಂತು, ಇನ್ನು ಯಾರೂ ಬಳಸೋ ಹಾಗಿಲ್ಲ. ಗಾದೆ, ಹಾಡಿನ ಸಾಲು, ಮಗಳ ಹೆಸರು ಕೂಡ ಬೇಡ. ಇಂಥದ್ದು ಒಂದೇ ನೆನಪಿಡಿ, ಪಾಸ್‌ವರ್ಡ್ ಮ್ಯಾನೇಜರ್‌ಗೆ. ಉಳಿದದ್ದನ್ನೆಲ್ಲ ಅದೇ ಬೇರೆ ಬೇರೆಯಾಗಿ ಮಾಡಿ ಇಟ್ಟುಕೊಳ್ಳುತ್ತೆ. ಇನ್ನೊಂದು ಉಪಯೋಗ ಇದೆ. ನಕಲಿ ಸೈಟ್‌ನಲ್ಲಿ ಅದು ತಾನಾಗಿ ಪಾಸ್‌ವರ್ಡ್ ತುಂಬಲ್ಲ, ವಿಳಾಸ ಹೊಂದಲ್ಲವಲ್ಲ. ದಿನಾ ತುಂಬೋದು ಇವತ್ತು ಯಾಕೋ ಸುಮ್ಮನಿದೆ ಅಂದ್ರೆ, ನಕಲು ಮಾಡಿ ಅಂಟಿಸೋಕೆ ಹೋಗಬೇಡಿ. ವಿಳಾಸ ನೋಡಿ.

ಗಿರೀಶ್: ಒಟಿಪಿ ಇದೆಯಲ್ಲ ಮೇಡಂ, ಪಾಸ್‌ವರ್ಡ್ ಹೋದ್ರೆ ಏನಂತೆ?

ಫರ್ಹಾನಾ: ಇರಲೇಬೇಕು. ಆದ್ರೆ ನಕಲಿ ಪುಟ ಒಟಿಪಿನೂ ಕೇಳುತ್ತೆ, ಕೊಟ್ಟ ತಕ್ಷಣ ಅಸಲಿ ಸೈಟ್‌ಗೆ ದಾಟಿಸುತ್ತೆ. ಪಾಸ್‌ಕೀ, ಅಂದ್ರೆ ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಇಲ್ಲವೇ ಪಿನ್‌ನಿಂದ ಲಾಗಿನ್ ಆಗೋದು, ಇರೋ ಕಡೆ ಅದನ್ನೇ ಹಾಕಿ. ಅದು ಅಸಲಿ ವಿಳಾಸಕ್ಕೇ ಕಟ್ಟಿಕೊಂಡಿರುತ್ತೆ, ನಕಲಿ ಪುಟದಲ್ಲಿ ಕೆಲಸ ಮಾಡಲ್ಲ.

---

ದೃಶ್ಯ 4. ರಾತ್ರಿ 11:20, ಗಿರೀಶ್ ಮನೆ

*(ಫೋನಿನಲ್ಲಿ "ಲಾಗಿನ್ ಮಾಡುತ್ತಿರುವುದು ನೀವೇ?" ಎಂಬ ಸೂಚನೆ ಮೇಲಿಂದ ಮೇಲೆ. ಆಮೇಲೆ ಕರೆ.)*

ಕರೆ ಮಾಡಿದವನು: ಸರ್, ಐಟಿಯಿಂದ. ಸರ್ವರ್ ಅಪ್‌ಡೇಟ್ ಆಗ್ತಿದೆ, ಒಂದು ಸಲ "ಹೌದು" ಒತ್ತಿಬಿಡಿ, ಸದ್ದು ನಿಲ್ಲುತ್ತೆ.

ಹಿನ್ನೆಲೆ ದನಿ: ನೀವು ಲಾಗಿನ್ ಮಾಡದೆಯೇ ಈ ಸೂಚನೆ ಬಂತೆಂದರೆ, ನಿಮ್ಮ ಪಾಸ್‌ವರ್ಡ್ ಬಹುಶಃ ಈಗಾಗಲೇ ಅವರ ಕೈಯಲ್ಲಿದೆ. "ಇಲ್ಲ" ಒತ್ತಿ. ಕರೆ ಕಟ್ ಮಾಡಿ. ಪಾಸ್‌ವರ್ಡ್ ಬದಲಾಯಿಸಿ, ಬೆಳಗಾಗುವವರೆಗೆ ಕಾಯದೆ ಐಟಿಗೆ ಹೇಳಿ. ನಮ್ಮ ಐಟಿಯವರು ಒಟಿಪಿಯನ್ನಾಗಲಿ, ಪಾಸ್‌ವರ್ಡನ್ನಾಗಲಿ ಕೇಳುವುದೇ ಇಲ್ಲ.

---

ದೃಶ್ಯ 5. ಮರುದಿನ

ಮಂಜಣ್ಣ *(ತಗ್ಗಿದ ದನಿಯಲ್ಲಿ):* ಮೇಡಂ, ಆಫೀಸ್ ಮೇಲ್ ಬಾಕ್ಸ್ ತುಂಬಿದೆ ಅಂತ ಲಿಂಕ್ ಬಂದಿತ್ತು. ಪಾಸ್‌ವರ್ಡ್ ಹಾಕಿಬಿಟ್ಟೆ. ಮೇಲ್ ಡಿಲೀಟ್ ಮಾಡ್ಲಾ?

ಫರ್ಹಾನಾ: ಬೇಡ ಮಂಜಣ್ಣ, ಅದು ಬೇಕು. ಅದೇ ಮೇಲ್ ಇನ್ನೂ ಯಾರ್ಯಾರಿಗೆ ಬಂದಿದೆ ಅಂತ ಅದರಿಂದಲೇ ಹುಡುಕೋದು. ಯಾವಾಗ ಹಾಕಿದ್ರಿ?

ಮಂಜಣ್ಣ: ಹತ್ತು ನಿಮಿಷ ಆಯ್ತು.

ಫರ್ಹಾನಾ: ಬೇಗ ಬಂದ್ರಿ, ಒಳ್ಳೇದಾಯ್ತು. ಮೊದಲು ಪಾಸ್‌ವರ್ಡ್ ಬದಲಾಯಿಸಿ, ಆ ಲಿಂಕ್‌ನಿಂದಲ್ಲ, ಬೇರೆ ಕಿಟಕಿಯಿಂದ. ಆಮೇಲೆ "ಎಲ್ಲ ಸಾಧನಗಳಿಂದ ಸೈನ್ ಔಟ್". ಇಲ್ಲಾಂದ್ರೆ ಒಳಗೆ ಬಂದಿರೋನು ಒಳಗೇ ಉಳೀಬಹುದು. ಈಗ ಸೆಟ್ಟಿಂಗ್ಸ್‌ನಲ್ಲಿ ಮೇಲ್ ರೂಲ್ಸ್ ತೆಗೀರಿ.

*(ಪರದೆಯಲ್ಲಿ ಒಂದು ರೂಲ್: "invoice" ಪದವಿರುವ ಮೇಲ್‌ಗಳನ್ನು ಹೊರಗಿನ ವಿಳಾಸಕ್ಕೆ ಕಳುಹಿಸು.)*

ಮಂಜಣ್ಣ: ಇದನ್ನ ನಾನು ಹಾಕಿಲ್ಲ!

ಫರ್ಹಾನಾ: ಅವರು ಹಾಕಿದ್ದು. ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದ್ರೂ ಇದು ತಾನಾಗಿ ಹೋಗಲ್ಲ. ಮೊದಲು ಫೋಟೊ ತಗೊಳ್ತೀನಿ, ಆಮೇಲೆ ತೆಗೀರಿ.

ಹಿನ್ನೆಲೆ ದನಿ: ಹಣ ಹೋಗಿದ್ದರೆ ಬ್ಯಾಂಕ್‌ಗೂ 1930ಕ್ಕೂ ಕೂಡಲೇ ಫೋನ್ ಮಾಡಿ. ವಹಿವಾಟಿನ ಯುಟಿಆರ್ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುಂಚೆ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ. ದೂರು ದಾಖಲಿಸಲು `cybercrime.gov.in`. ಬೇಗ ಬಂದು ಹೇಳಿದವರಿಗೆ ನಮ್ಮಲ್ಲಿ ಮೆಮೊ ಇಲ್ಲ.

ಪರದೆಯಲ್ಲಿ: ಐಟಿ ಡೆಸ್ಕ್, ಒಳ ಫೋನ್ 214, ರಾತ್ರಿಯೂ. ಸೈಬರ್ ವಂಚನೆ ಸಹಾಯವಾಣಿ 1930.