‘ಕಗ್ಗ ಕಳೆದುಕೊಂಡ ಗಜನಿ’: ಮಾದೇವಿಯ ಪ್ರಬಂಧದ ಮೊದಲ ಕರಡು ಓದಿ ಬರೆದದ್ದು

ಮಾದೇವಿ,

ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಪೆನ್ನು ಹಿಡಿಯದೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಅಂಚಿನಲ್ಲಿ ಗೀಚಿದ್ದೆಲ್ಲ ಸಣ್ಣಪುಟ್ಟದ್ದು. ದೊಡ್ಡದನ್ನು ಅಂಚಿನಲ್ಲಿ ಬರೆಯಲು ಜಾಗ ಸಾಲಲಿಲ್ಲ, ಅದಕ್ಕೆ ಈ ಹಾಳೆಗಳು. ನಾನು ಘಟ್ಟದ ಮೇಲಿನವಳು, ದೇವಿಮನೆ ಘಟ್ಟ ಇಳಿಯುವುದೇ ವರ್ಷಕ್ಕೆ ಒಂದೆರಡು ಸಲ. ಗಜನಿ ಎಂದರೆ ಅಘನಾಶಿನಿಯ ಅಳಿವೆಯ ಹತ್ತಿರ ಉಪ್ಪುನೀರು ಬಂದುಹೋಗುವ ಗದ್ದೆ, ಕಗ್ಗ ಎಂದರೆ ಅಲ್ಲಿ ಬೆಳೆಯುವ, ಉಪ್ಪು ತಡೆಯುವ ಭತ್ತ ಎಂಬುದೇ ನನಗೆ ನಿನ್ನಿಂದ ಗೊತ್ತಾದದ್ದು. ಹಾಗಾಗಿ ಏನೂ ತಿಳಿಯದ ಓದುಗಿ ಎಲ್ಲಿ ಎಡವುತ್ತಾಳೆ ಎಂದು ಹೇಳಲು ನಾನು ತಕ್ಕವಳೇ.

ಮೊದಲು, ಏನನ್ನು ಮುಟ್ಟಬಾರದು ಎಂದು ಹೇಳುತ್ತೇನೆ. ಐದನೇ ಪುಟದಲ್ಲಿ ನಿನ್ನ ಅಜ್ಜ ಮಾತಾಡುವ ಭಾಗ. ಮಳೆ ಬಿದ್ದು ಗದ್ದೆಯ ಉಪ್ಪು ತೊಳೆದುಹೋಗುವುದನ್ನು ಕಾಯುವುದು, ಮೊಳಕೆ ಬರಿಸಿದ ಬೀಜ ಚೆಲ್ಲುವುದು, ಗೊಬ್ಬರವಿಲ್ಲದೆ ಕಗ್ಗ ಆಳೆತ್ತರ ಬರುವುದು, ಕೊಯ್ಲಾದ ಮೇಲೆ ಕೂಳೆ ನೀರಲ್ಲಿ ಕೊಳೆತು ಮೀನಿಗೆ ಮೇವಾಗುವುದು. ಆಮೇಲೆ ಆ ಒಂದು ಮಾತು: ‘ಕಟ್ಟೆ ಒಡೆದ ರಾತ್ರಿ ಯಾರ ಗದ್ದೆ ಎಂದು ಯಾರೂ ಕೇಳ್ತಿರಲಿಲ್ಲ.’ ಇದನ್ನು ಓದುವಾಗ ನನಗೆ ನಮ್ಮ ತೋಟದ ಬಸಿಗಾಲುವೆ ನೆನಪಾಯಿತು. ಮೇಲಿನ ತೋಟದವರು ಕಾಲುವೆ ಬಿಡಿಸದಿದ್ದರೆ ಕೆಳಗಿನ ತೋಟದಲ್ಲಿ ನೀರು ನಿಂತು ಅಡಕೆ ಮರದ ಬೇರು ಕೊಳೆಯುತ್ತದೆ, ಎಷ್ಟು ಜಗಳವಾಡಿದರೂ ಕಾಲುವೆ ಮಾತ್ರ ಇಬ್ಬರದೂ. ಗಜನಿಯನ್ನು ಕಣ್ಣಾರೆ ನೋಡದ ನನಗೂ ಅರ್ಥವಾದದ್ದು ಆ ಮಾತಿನಿಂದ.

ಈಗ ವಾದಕ್ಕೆ ಬರೋಣ. ನಿನ್ನ ಮುಖ್ಯ ವಾಕ್ಯ ಎರಡನೇ ಪುಟದಲ್ಲಿದೆ: ‘ಸಿಗಡಿ ಕೃಷಿಯೊಂದೇ ಕಗ್ಗದ ನಾಶಕ್ಕೆ ಕಾರಣ.’ ಆ ‘ಒಂದೇ’ ನಿನ್ನ ಕೊರಳಿಗೇ ಸುತ್ತಿಕೊಂಡಿದೆ. ಯಾಕೆಂದರೆ ಅದನ್ನು ಸುಳ್ಳು ಮಾಡುವ ಸಂಗತಿಗಳನ್ನೆಲ್ಲ ನೀನೇ ಮುಂದೆ ಬರೆದಿದ್ದೀ.

ನಾಲ್ಕನೇ ಪುಟದಲ್ಲಿ 1994–95ರ ಹೊತ್ತಿಗೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯುದ್ದಕ್ಕೂ ಸಿಗಡಿ ಹೊಂಡಗಳು ನೆಲಕಚ್ಚಿದ್ದನ್ನು ಹೇಳುತ್ತೀ. ಸರಿ. ಹಾಗಾದರೆ ಹೊಂಡ ಖಾಲಿಯಾದ ಮೇಲೆ ಜನ ಕಗ್ಗಕ್ಕೆ ಯಾಕೆ ಮರಳಲಿಲ್ಲ? ಕಾರಣ ಒಂದೇ ಆಗಿದ್ದರೆ, ಕಾರಣ ಹೋದಾಗ ಪರಿಣಾಮವೂ ಹೋಗಬೇಕಿತ್ತಲ್ಲ. ನನಗೆ ಇದು ನಿನ್ನ ಪ್ರಬಂಧದ ಅತ್ಯಂತ ಒಳ್ಳೆಯ ಪ್ರಶ್ನೆ ಅನ್ನಿಸಿತು. ಆದರೆ ನೀನು ಅದನ್ನು ಕೇಳಿಯೇ ಇಲ್ಲ! ಉತ್ತರ ಮಾತ್ರ ಇದೆ, ಅಜ್ಜನ ಬಾಯಲ್ಲಿ. ಕಟ್ಟೆಯೂ, ಅದರಲ್ಲಿ ನೀರು ಬಿಡುವ, ತಡೆಯುವ ಬಾಗಿಲೂ ಎಲ್ಲರದು. ಒಬ್ಬ ಮಾತ್ರ ಕಗ್ಗ ಬಿತ್ತುತ್ತೇನೆ ಎಂದರೆ ಆಗದು, ಪಕ್ಕದವನು ಉಪ್ಪುನೀರು ಬಿಟ್ಟುಕೊಂಡರೆ ಮುಗಿಯಿತು. ಗೇಣಿದಾರರಿಗೆ ಭೂಮಿ ಸಿಕ್ಕಿತು, ಆಮೇಲೆ ಮಕ್ಕಳಲ್ಲಿ ಪಾಲಾಯಿತು, ಗಂಡಸರು ಗೋವಾ, ಮುಂಬಯಿ ಎಂದು ಹೊರಟರು, ಕಟ್ಟೆಗೆ ಮಣ್ಣು ಹೊರುವವರು ಇಲ್ಲವಾದರು. ಅಂದರೆ ಸಿಗಡಿ ಹೊಂಡ ಬಂದದ್ದು ಆಗಲೇ ಸಡಿಲವಾಗಿದ್ದ ಕಟ್ಟೆಗೆ. ಅದು ದೊಡ್ಡ ಹೊಡೆತವೇ, ಇಲ್ಲ ಎನ್ನುವುದಿಲ್ಲ. ಆದರೆ ಮೊದಲ ಹೊಡೆತ ಹೌದೋ ಅಲ್ಲವೋ ಎಂಬುದನ್ನು ನೀನು ತೂಗಿ ನೋಡಬೇಕು.

ಇನ್ನೊಂದು ಕಡೆಯೂ ಇದೇ ತೊಡಕು. ‘ಸಿಗಡಿ ಮತ್ತು ಭತ್ತ ಒಟ್ಟಿಗೆ ಬಾಳಲಾರವು’ ಎನ್ನುತ್ತೀ, ಮುಂದಿನ ಪುಟದಲ್ಲೇ ಕೇರಳದ ಪೊಕ್ಕಾಳಿಯನ್ನು ಹೊಗಳುತ್ತೀ. ಪೊಕ್ಕಾಳಿ ಗದ್ದೆಯಲ್ಲಿ ಮಳೆಗಾಲಕ್ಕೆ ಭತ್ತ, ಆಮೇಲೆ ಸಿಗಡಿ, ಸರದಿಯಲ್ಲಿ. ನಿನ್ನ ಅಜ್ಜನೂ ಕೊಯ್ಲಿನ ನಂತರ ಬಾಗಿಲಿಗೆ ಬಲೆ ಕಟ್ಟಿ ಸಿಗಡಿ ಹಿಡಿಯುತ್ತಿದ್ದರು! ಹಾಗಾಗಿ ಶತ್ರು ಸಿಗಡಿ ಅಲ್ಲ. ಉಬ್ಬರದ ಜೊತೆ ತಾನಾಗಿ ಬಂದ ಸಿಗಡಿಯನ್ನು ಹಿಡಿಯುವುದು ಒಂದು. ಮರಿ ತಂದು ಬಿಟ್ಟು, ಆಹಾರ ಹಾಕಿ, ಮಳೆಗಾಲದಲ್ಲೂ ಉಪ್ಪುನೀರು ನಿಲ್ಲಿಸಿ ಸಾಕುವುದು ಬೇರೆಯೇ ಒಂದು. ಈ ವ್ಯತ್ಯಾಸವನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಯಾರೂ ನಿನ್ನನ್ನು ಅಲ್ಲಾಡಿಸಲಾರರು.

ನಾನಾದರೆ ಮುಖ್ಯ ವಾಕ್ಯವನ್ನು ಹೀಗೆ ಬರೆಯುತ್ತಿದ್ದೆ: ‘ಕಗ್ಗ ಉಳಿದಿದ್ದುದು ಊರು ಒಟ್ಟಾಗಿ ಕಾಯುತ್ತಿದ್ದ ಕಟ್ಟೆಯಿಂದ, ಆ ಒಟ್ಟುತನ ಸಡಿಲವಾದಾಗ ಬಂದ ಸಿಗಡಿ ಹೊಂಡಗಳು ಮರಳುವ ದಾರಿಯನ್ನೂ ಮುಚ್ಚಿದವು.’ ಇದನ್ನೇ ಇಡಬೇಕೆಂದಿಲ್ಲ, ನಿನ್ನ ಮಾತಿನಲ್ಲಿ ಬರಲಿ. ‘ಒಂದೇ’ಯನ್ನು ಮಾತ್ರ ತೆಗೆ.

ಆಧಾರಗಳ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಬೇಜಾರಾಗಬೇಡ. ‘ತಜ್ಞರ ಪ್ರಕಾರ’ ನಾಲ್ಕು ಸಲ ಬಂದಿದೆ, ಒಮ್ಮೆಯೂ ತಜ್ಞರು ಯಾರು ಎಂದಿಲ್ಲ. ‘ಎಕರೆಗೆ ಇಪ್ಪತ್ತು ಕ್ವಿಂಟಲ್’ ಎಂಬ ಇಳುವರಿಯ ಲೆಕ್ಕ ಯಾರದು? ಅಜ್ಜನದಾದರೆ ‘ಅಜ್ಜನ ನೆನಪಿನಂತೆ’ ಎಂದು ಬರೆ, ಅದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ. ಎಲ್ಲಿಂದಲೋ ಎತ್ತಿದ್ದಾದರೆ ತೆಗೆದುಬಿಡು.

ಸುಪ್ರೀಂ ಕೋರ್ಟಿನ ತೀರ್ಪನ್ನು ನೀನು ಹೇಳಿದ ರೀತಿ ತಪ್ಪು. ‘1996ರಲ್ಲಿ ನ್ಯಾಯಾಲಯ ಸಿಗಡಿ ಕೃಷಿಯನ್ನು ನಿಷೇಧಿಸಿತು’ ಎಂದು ಬರೆದಿದ್ದೀ. ಆ ವರ್ಷದ ಡಿಸೆಂಬರಿನ ತೀರ್ಪು ಕರಾವಳಿ ನಿಯಂತ್ರಣ ವಲಯದ ಒಳಗೆ ಸಿಗಡಿ ಹೊಂಡ ಮಾಡಕೂಡದು ಎಂದಿತು, ಆದರೆ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟಿತು. ಆಮೇಲೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು, ನೋಂದಣಿ ಮಾಡಿಸಿಕೊಂಡು ನಡೆಸಲು ದಾರಿಯಾಯಿತು. ನೋಡು, ಸರಿಯಾಗಿ ಹೇಳಿದರೆ ಇದು ನಿನಗೇ ಅನುಕೂಲ: ನಾನು ಮೇಲೆ ಹೇಳಿದ ವ್ಯತ್ಯಾಸವನ್ನು ನ್ಯಾಯಾಲಯವೂ ಮಾಡಿದೆ. ತಪ್ಪಾಗಿ ಹೇಳಿದರೆ ‘ನಿಷೇಧವಿದ್ದರೆ ಈಗಲೂ ಹೊಂಡ ಹೇಗಿದೆ?’ ಎಂದು ಮೇಷ್ಟ್ರು ಮೊದಲ ಪ್ರಶ್ನೆಯನ್ನೇ ಅಲ್ಲಿಂದ ಎತ್ತುತ್ತಾರೆ.

ರಾಮ್ಸಾರ್ ಸಂಗತಿಯೂ ಹಾಗೆಯೇ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ನಿಜ. ಅದರಿಂದ ‘ಗಜನಿಗೆ ಇನ್ನು ಭಯವಿಲ್ಲ’ ಎಂಬ ತೀರ್ಮಾನ ಹೇಗೆ ಬಂತು? ಆ ಪಟ್ಟಿ ಈ ಜೌಗು ಎಷ್ಟು ಮುಖ್ಯ ಎಂದು ಹೇಳುತ್ತದೆ, ಕಟ್ಟೆಗೆ ಮಣ್ಣು ಹಾಕುವವರನ್ನು ಕಳಿಸಿಕೊಡುವುದಿಲ್ಲ. ಅದನ್ನು ಕೊನೆಯ ಸಮಾಧಾನವಾಗಿ ಇಡುವ ಬದಲು ಪ್ರಶ್ನೆಯಾಗಿ ಇಡು.

ಅಜ್ಜನ ಮಾತು ಗಟ್ಟಿ, ಆದರೆ ಒಬ್ಬರದೇ. ಅದಕ್ಕೆ ಪಕ್ಕದಲ್ಲಿ ಒಂದು ಕಾಗದ ನಿಲ್ಲಿಸು. ನಿಮ್ಮ ಗಜನಿಯ ಸರ್ವೆ ನಂಬರಿನ ಹಳೆಯ ಪಹಣಿ, ಈಗಿನ ಪಹಣಿ ಎರಡನ್ನೂ ತೆಗೆಸಿ ಖಾತೆದಾರರ ಹೆಸರು ಎಣಿಸು. ಆಗ ಎಷ್ಟು, ಈಗ ಎಷ್ಟು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂಮಿ ಹೇಗೆ ಹಂಚಿಹೋಯಿತು ಎಂದು ಅಜ್ಜ ಹೇಳಿದ್ದು ನಿಜವೋ ಅಲ್ಲವೋ ಎರಡು ಹಾಳೆಯಲ್ಲಿ ಕಾಣುತ್ತದೆ. ಬೆಳೆಯ ಕಾಲಂ ಮಾತ್ರ ಕಣ್ಣುಮುಚ್ಚಿ ನಂಬಬೇಡ. ನಮ್ಮ ಮನೆಯ ಪಹಣಿಯಲ್ಲಿ ಅಡಕೆ ಹಾಕಿ ವರ್ಷಗಳಾದ ಮೇಲೂ ಭತ್ತ ಎಂದೇ ಇತ್ತು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಆರನೇ ಪುಟದಲ್ಲಿ ‘ಹೊರಗಿನಿಂದ ಬಂದ ದುರಾಸೆಯ ಬಂಡವಾಳಗಾರರು’ ಎಂದಿದ್ದೀ. ಆದರೆ ಹಾಸ್ಟೆಲಿನಲ್ಲಿ ಊಟದ ಹೊತ್ತಿಗೆ ನೀನೇ ಹೇಳಿದ್ದೆ, ನಿನ್ನ ಸೋದರಮಾವ ಗದ್ದೆಯನ್ನು ಹೊಂಡಕ್ಕೆ ಗುತ್ತಿಗೆ ಕೊಟ್ಟಿದ್ದರು, ಆ ದುಡ್ಡಲ್ಲಿ ಅಕ್ಕನ ಮದುವೆ ಆಯಿತು ಎಂದು. ಮನೆಯ ಮಾತನ್ನು ಕ್ಲಾಸಿನಲ್ಲಿ ಓದಲು ಮುಜುಗರ ಇರುತ್ತದೆ, ಅದು ನಿನಗೆ ಬಿಟ್ಟದ್ದು ಮಾರಾಯ್ತಿ. ಹೆಸರು, ಸಂಬಂಧ ಹೇಳದೆ ‘ಗುತ್ತಿಗೆಗೆ ಕೊಟ್ಟ ಒಬ್ಬರು’ ಎಂದು ಅವರ ಮಾತನ್ನೂ ಕೇಳಿ ಸೇರಿಸಬಹುದಲ್ಲ? ಬೆಳೆಯದೆ ಬಿದ್ದಿದ್ದ ಗದ್ದೆಗೆ ಯಾರೋ ನಗದು ಕೊಡುತ್ತೇನೆ ಎಂದಾಗ ಏನು ಮಾಡಬೇಕಿತ್ತು ಎಂಬ ಪ್ರಶ್ನೆ ಇಲ್ಲದೆ ನಿನ್ನ ಪ್ರಬಂಧದಲ್ಲಿ ಕೆಟ್ಟವರು ತುಂಬಾ ಸುಲಭವಾಗಿ ಸಿಕ್ಕಿಬಿಡುತ್ತಾರೆ. ಬರೆಯದಿದ್ದರೂ ಸರಿ, ‘ಹೊರಗಿನಿಂದ ಬಂದ’ ಎಂಬುದನ್ನಾದರೂ ಬಿಡು. ಅದು ಪೂರ್ತಿ ನಿಜವಲ್ಲ ಎಂದು ನಿನಗೆ ಗೊತ್ತು.

ರಚನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ವಾದ ಸರಿಯಾದರೆ ಅರ್ಧ ತಾನೇ ಸರಿಹೋಗುತ್ತದೆ. ‘ಅನಾದಿಕಾಲದಿಂದಲೂ ಮಾನವನು ಪ್ರಕೃತಿಯೊಂದಿಗೆ’ ಎಂದು ಶುರುವಾಗುವ ಮೊದಲ ಪುಟವನ್ನು ಪೂರ್ತಿ ಹೊಡೆದುಹಾಕು. ಕಟ್ಟೆ ಒಡೆದ ರಾತ್ರಿಯಿಂದ ಶುರುಮಾಡು. ಐದನೇ ಪುಟದವರೆಗೆ ಅಜ್ಜನನ್ನು ಬಾಗಿಲ ಹೊರಗೆ ಯಾಕೆ ಕೂರಿಸಿದ್ದೀ? ಅವರು ಮೊದಲು ಬಂದರೆ ಗಜನಿ, ಬಾಗಿಲು, ಕೂಳೆ ಎಲ್ಲವೂ ಅವರ ಕೆಲಸದಲ್ಲೇ ವಿವರವಾಗುತ್ತವೆ, ಬೇರೆ ಅರ್ಥ ಕೊಡಬೇಕಿಲ್ಲ. ಆಮೇಲೆ ಕಟ್ಟೆ ಸಡಿಲವಾದದ್ದು, ಹೊಂಡ ಬಂದದ್ದು, ರೋಗ ಬಂದದ್ದು, ‘ಯಾಕೆ ಮರಳಲಿಲ್ಲ’. ಕೋರ್ಟು, ಕಾಯ್ದೆ ಹೊಂಡದ ಭಾಗದ ಒಳಗೇ ಹೋಗಲಿ, ಬೇರೆ ತಲೆಬರಹ ಬೇಡ.

ಮೂರನೇ ಪುಟದ ಹಕ್ಕಿಗಳು ಚೆಂದ, ಬೆಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರ ಚಿತ್ರ ಇನ್ನೂ ಚೆಂದ. ಹಕ್ಕಿಯನ್ನು ಬಿಡಬಹುದು, ವಾದಕ್ಕೆ ಅದರ ಕೆಲಸವಿಲ್ಲ. ಬೆಳಚು ಇರಲಿ, ಆದರೆ ಅದಕ್ಕೂ ಗಜನಿಗೂ ಏನು ಸಂಬಂಧ ಎಂದು ಒಂದು ವಾಕ್ಯವಾದರೂ ಬೇಕು. ಈಗ ಅದು ಎರಡು ಪ್ಯಾರಾಗಳ ನಡುವೆ ದಾರಿ ತಪ್ಪಿ ನಿಂತ ಹಾಗಿದೆ.

ಕೊನೆಯ ಪ್ಯಾರಾ, ‘ಸರ್ಕಾರ, ಸಂಘಸಂಸ್ಥೆಗಳು, ಯುವಜನರು ಕೈಜೋಡಿಸಬೇಕು’ ಎಂಬುದು ಯಾವ ಪ್ರಬಂಧಕ್ಕೂ ಹೊಂದುತ್ತದೆ. ಪ್ಲಾಸ್ಟಿಕ್ ಬಗ್ಗೆ ನಾನು ಪಿಯುಸಿಯಲ್ಲಿ ಬರೆದದ್ದಕ್ಕೂ ಇದನ್ನೇ ಅಂಟಿಸಿದ್ದೆ. ಮಾಣಿಕಟ್ಟಾದಂಥ ಕಡೆ ಈಗಲೂ ಕಗ್ಗ ಬೆಳೆಯುವವರಿದ್ದಾರೆ ಎಂದು ಒಂದೇ ಸಾಲಿನಲ್ಲಿ ಹೇಳಿ ಓಡಿಬಿಟ್ಟಿದ್ದೀಯಲ್ಲ, ಅಲ್ಲಿಗೆ ಹೋಗು. ಅಲ್ಲಿ ಕಟ್ಟೆಯನ್ನು ಯಾರು ನೋಡಿಕೊಳ್ಳುತ್ತಾರೆ, ಖರ್ಚು ಹೇಗೆ ಹಂಚಿಕೊಳ್ಳುತ್ತಾರೆ ಎಂದು ಕೇಳಿ ಬಂದರೆ ಕೊನೆಯ ಪುಟ ಅದರಿಂದಲೇ ಸಿಗುತ್ತದೆ. ಅವರು ಉಳಿಸಿಕೊಂಡದ್ದು ಬೇರೆ ಕಾರಣದಿಂದ ಎಂದು ಗೊತ್ತಾದರೆ ನಾನು ಮೇಲೆ ಬರೆದುಕೊಟ್ಟ ವಾಕ್ಯವೂ ಬದಲಾಗಬೇಕು, ಬದಲಾಗಲಿ.

ಶನಿವಾರ ಊರಿಗೆ ಹೋಗುವವಳಿದ್ದೀಯಲ್ಲ, ಅಜ್ಜನ ಹತ್ತಿರ ಒಂದನ್ನು ಕೇಳಿಕೊಂಡು ಬಾ: ಬಾಗಿಲು ತೆಗೆಯುವ, ಹಾಕುವ ಕೆಲಸ ಯಾರದಾಗಿತ್ತು, ಅವನಿಗೆ ಊರು ಏನು ಕೊಡುತ್ತಿತ್ತು? ಕರಡಿನಲ್ಲಿ ಅದಿಲ್ಲ. ಸೋಮವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಸಿಗುತ್ತೇನೆ. ನನ್ನ ಸೊಪ್ಪಿನಬೆಟ್ಟದ ಕರಡು ನಿನ್ನ ಹತ್ತಿರವೇ ಇದೆ, ಅದಕ್ಕೂ ಹೀಗೇ ಬರೆ, ಕೈ ತಡೆಯಬೇಡ.

ವೀಣಾ