ಗುಂಡಿ, ಎಲೆ, ಕಲ್ಲು: ಯಾರ ಮನೆ ಯಾವುದು?

ಶಿಕ್ಷಕರಿಗೆ: ನಾಲ್ಕು ಮಕ್ಕಳಿಗೆ ಒಂದು ತಟ್ಟೆ. ಅದರಲ್ಲಿ 8 ಗುಂಡಿ, 8 ಎಲೆ, 8 ತೊಳೆದ ಕಲ್ಲು ಬೆರೆಸಿಡಿ. ಗುಂಡಿ, ಕಲ್ಲು ಬಾಯಿಗೆ ಹೋಗುವ ವಸ್ತುಗಳು. ಆಟ ಮುಗಿಯುವವರೆಗೆ ಪಕ್ಕದಲ್ಲೇ ಕುಳಿತಿರಿ. ಮೂರು ವರ್ಷದೊಳಗಿನವರಿಗೆ ಈ ಆಟ ಬೇಡ.

ಚಿತ್ರ 1 (ಎಲ್ಲ ಬೆರೆತ ತಟ್ಟೆ, ಮೇಲೊಂದು ಕಣ್ಣು)
ನೋಡು. ಏನೇನಿದೆ?

ಚಿತ್ರ 2 (ಎಲೆಯನ್ನು ಸವರುವ ಬೆರಳು)
ಮುಟ್ಟು. ನುಣುಪೋ, ಒರಟೋ?

ಚಿತ್ರ 3 (ಮೂರು ಬಟ್ಟಲು, ಒಂದರ ಮೇಲೆ ಗುಂಡಿ, ಒಂದರ ಮೇಲೆ ಎಲೆ, ಇನ್ನೊಂದರ ಮೇಲೆ ಕಲ್ಲಿನ ಚಿತ್ರ)
ಒಂದೊಂದನ್ನೇ ಅದರ ಮನೆಗೆ ಸೇರಿಸು.

ಚಿತ್ರ 4 (ಖಾಲಿ ತಟ್ಟೆ, ಚಪ್ಪಾಳೆ ತಟ್ಟುವ ಕೈಗಳು)
ತಟ್ಟೆ ಖಾಲಿ! ಚಪ್ಪಾಳೆ!

ಚಿತ್ರ 5 (ದೊಡ್ಡ ಕಲ್ಲು, ಪಕ್ಕದಲ್ಲಿ ಚಿಕ್ಕ ಕಲ್ಲು)
ಈಗ ಕಲ್ಲು ಮಾತ್ರ. ದೊಡ್ಡವು ಇತ್ತ, ಚಿಕ್ಕವು ಅತ್ತ.

ಚಿತ್ರ 6 (ಎರಡು ತೂತಿನ ಗುಂಡಿ, ನಾಲ್ಕು ತೂತಿನ ಗುಂಡಿ)
ಗುಂಡಿಯ ತೂತು ಎಣಿಸು. ಎರಡೋ, ನಾಲ್ಕೋ?

ಚಿತ್ರ 7 (ಪ್ರಶ್ನೆ ಚಿಹ್ನೆ, ಕೆಳಗೆ ಖಾಲಿ ಬಟ್ಟಲುಗಳು)
ನಿನ್ನಿಷ್ಟದಂತೆ ಗುಂಪು ಮಾಡು.

ಏಳನೆಯ ಚಿತ್ರಕ್ಕೆ ಆತುರಪಡಬೇಡಿ. ಮಗು ಹಸಿರು ಎಲೆಯ ಜೊತೆ ಹಸಿರು ಗುಂಡಿ ಇಟ್ಟರೆ ತಿದ್ದಬೇಡಿ. ಅದು ಬಣ್ಣ ನೋಡಿ ಜೋಡಿಸಿದೆ. “ಇವೆರಡೂ ಯಾಕೆ ಒಟ್ಟಿಗಿವೆ?” ಎಂದು ಕೇಳಿ, ಉತ್ತರಕ್ಕೆ ಕಾಯಿರಿ. “ಇವು ಗೆಳೆಯರು” ಎಂಬ ಉತ್ತರ ಬಂದರೂ ಒಪ್ಪಿಕೊಳ್ಳಿ.

ಚಿತ್ರ 8 (ಡಬ್ಬಿಗೆ ಗುಂಡಿ ಹಾಕುವ ಕೈ)
ಎಣಿಸುತ್ತಾ ಡಬ್ಬಿಗೆ ಹಾಕು. ಎಂಟೂ ಬಂದವೇ?

ಬರದಿದ್ದರೆ ಮೊದಲು ಜೇಬುಗಳನ್ನು ನೋಡಿ.